ಒಂದು ದೀರ್ಘ ಪಾಠವನ್ನು ಪ್ರಶ್ನೆಗಳಾಗಿ ಕತ್ತರಿಸುವುದು

ಪ್ರಶ್ನೆ: ಭೌತಶಾಸ್ತ್ರದ 72 ನಿಮಿಷದ ಪಾಠವೊಂದರ ರೆಕಾರ್ಡಿಂಗ್ ಇದೆ. ಪರೀಕ್ಷೆಗೆ ಓದುವ ಮಕ್ಕಳಿಗೆ ಅನುಕೂಲವಾಗಲಿ ಎಂದು ಹತ್ತು ಹತ್ತು ನಿಮಿಷಕ್ಕೆ ಕತ್ತರಿಸಿ ಕೊಟ್ಟೆ. "ಸರ್, ನಡುವಿನಿಂದ ಶುರುವಾದ ಹಾಗಿದೆ, ಏನೂ ತಿಳಿಯುತ್ತಿಲ್ಲ" ಅಂತಾರೆ. ಕೆಲವರ ಮೊಬೈಲಿನಲ್ಲಿ ಮೊದಲ ಕೆಲವು ಸೆಕೆಂಡು ಚಿತ್ರ ನಿಂತೇ ಇರುತ್ತದಂತೆ, ಮಾತು ಮಾತ್ರ ಕೇಳುತ್ತದಂತೆ. ವಿಷಯಕ್ಕೊಂದು ತುಣುಕು ಮಾಡುವ ಸರಿಯಾದ ಕ್ರಮ ಯಾವುದು?

ಉತ್ತರ: ಇವು ಎರಡು ಬೇರೆ ಬೇರೆ ತೊಂದರೆಗಳು. ಮಕ್ಕಳಿಗೆ ತಿಳಿಯದಿರುವುದಕ್ಕೆ ಕಾರಣ ಕತ್ತರಿ ಬಿದ್ದ ಜಾಗ. ಚಿತ್ರ ನಿಲ್ಲುವುದಕ್ಕೆ ಕಾರಣ ಕತ್ತರಿಸಿದ ವಿಧಾನ. ಎರಡನೆಯದನ್ನು ಒಂದು ಆದೇಶ ಬದಲಿಸಿ ಸರಿಪಡಿಸಬಹುದು. ಹೆಚ್ಚು ಹೊತ್ತು ಹಿಡಿಯುವುದು ಮೊದಲನೆಯದು, ಅದರಿಂದಲೇ ಶುರು ಮಾಡೋಣ.

ಎಡಿಟರ್ ತೆರೆಯುವುದಕ್ಕೆ ಮುಂಚೆ ಪಾಠವನ್ನು ಆರಂಭದಿಂದ ಕೊನೆಯವರೆಗೆ ಒಮ್ಮೆ ಕೇಳಿ. ಒಂದೂವರೆ ಪಟ್ಟು ವೇಗದಲ್ಲಿ ಕೇಳಿದರೂ ಸಾಕು, ಆದರೆ ಪೂರ್ತಿ ಕೇಳಬೇಕು. ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ಸಮಯ ಮತ್ತು ಅಲ್ಲಿ ನಡೆದದ್ದನ್ನು ಬರೆಯುತ್ತಾ ಹೋಗಿ. ಬರೆಯುವಾಗ ಅಧ್ಯಾಯದ ಶೀರ್ಷಿಕೆ ಹಾಕಬೇಡಿ, ಪ್ರಶ್ನೆಯ ರೂಪದಲ್ಲೇ ಬರೆಯಿರಿ. "ವ್ಯಾಪ್ತಿ" ಎಂದು ಬರೆದರೆ ಅದು ಎಲ್ಲಿ ಮುಗಿಯುತ್ತದೆ ಎಂದು ಹೇಳಲಾಗದು. "ಎಸೆದ ಚೆಂಡು ಎಷ್ಟು ದೂರ ಹೋಗಿ ಬೀಳುತ್ತದೆ?" ಎಂದು ಬರೆದರೆ, ಉತ್ತರ ಸಿಕ್ಕ ಗಳಿಗೆಯೇ ತುಣುಕಿನ ಕೊನೆ. ಓದುವ ಹುಡುಗ ತುಣುಕನ್ನು ಹುಡುಕಿಕೊಂಡು ಬರುವುದೂ ಪ್ರಶ್ನೆ ಹಿಡಿದುಕೊಂಡೇ, ಹಾಗಾಗಿ ಅದೇ ಪ್ರಶ್ನೆ ಮುಂದೆ ತುಣುಕಿನ ಹೆಸರೂ ಆಗುತ್ತದೆ.

ಎಸೆದ ವಸ್ತುವಿನ ಚಲನೆಯ ಪಾಠ ಎಂದಿಟ್ಟುಕೊಳ್ಳಿ. 72 ನಿಮಿಷಕ್ಕೆ ಪಟ್ಟಿ ಹೆಚ್ಚುಕಡಿಮೆ ಹೀಗೆ ಬರುತ್ತದೆ:

00:00 ಹಾಜರಿ, ಪ್ರಕಟಣೆ (ಬೇಡ)
03:40 ಅಡ್ಡ ಚಲನೆ, ಲಂಬ ಚಲನೆಗಳನ್ನು ಬೇರೆ ಮಾಡುವುದೇಕೆ?
09:55 ಚೆಂಡು ಎಷ್ಟು ಹೊತ್ತು ಗಾಳಿಯಲ್ಲಿರುತ್ತದೆ?
18:20 ಎಷ್ಟು ಎತ್ತರಕ್ಕೆ ಹೋಗುತ್ತದೆ?
24:50 ಮೈಕ್ ಕೆಟ್ಟಿತು (ಬೇಡ)
27:10 ಎಷ್ಟು ದೂರ ಹೋಗುತ್ತದೆ?
35:30 45 ಡಿಗ್ರಿಗೇ ದೂರ ಹೆಚ್ಚೇಕೆ?
39:45 ಲೆಕ್ಕ 1
45:50 ಲೆಕ್ಕ 2
53:20 ಕಟ್ಟಡದ ಮೇಲಿಂದ ಎಸೆದರೆ ಏನು ಬದಲಾಗುತ್ತದೆ?
59:30 ಅದರ ಮೇಲೊಂದು ಲೆಕ್ಕ
66:00 ಮನೆಗೆಲಸ, ಮುಂದಿನ ಪಾಠದ ಮಾತು (ಬೇಡ)

ಹೀಗೆ ಒಂಬತ್ತು ತುಣುಕು, ಒಂದೊಂದೂ ನಾಲ್ಕರಿಂದ ಎಂಟೂವರೆ ನಿಮಿಷ. ಉದ್ದ ಎಷ್ಟಿರಬೇಕು ಎಂಬ ಮಾತು ಬಂದಾಗ ಎಲ್ಲರೂ "ಆರು ನಿಮಿಷ" ಅನ್ನುತ್ತಾರೆ. ಫಿಲಿಪ್ ಗುವೊ, ಜುಹೊ ಕಿಮ್, ರಾಬ್ ರೂಬಿನ್ ಎಂಬುವರು ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕೆಯ ತಾಣದ ನಾಲ್ಕು ಕೋರ್ಸ್‌ಗಳಲ್ಲಿ ವಿಡಿಯೊ ನೋಡಿದ 69 ಲಕ್ಷ ದಾಖಲೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಬಂದ ಸಂಖ್ಯೆ ಅದು. ಅದನ್ನು ಉಲ್ಲೇಖಿಸುವವರು ಎರಡು ಸಂಗತಿ ಮರೆಯುತ್ತಾರೆ. ಅಧ್ಯಯನ ಅಳೆದದ್ದು ಎಷ್ಟು ಹೊತ್ತು ನೋಡಿದರು ಎಂಬುದನ್ನು, ಎಷ್ಟು ಕಲಿತರು ಎಂಬುದನ್ನಲ್ಲ. ಜೊತೆಗೆ, ತರಗತಿಯಲ್ಲಿ ರೆಕಾರ್ಡ್ ಮಾಡಿದ ಪಾಠವನ್ನು ಆಮೇಲೆ ತುಂಡು ಮಾಡಿ ಕೊಟ್ಟರೆ, ಚಿಕ್ಕದಾಗಿಯೇ ಇರಲಿ ಎಂದು ಯೋಚಿಸಿ ತೆಗೆದ ವಿಡಿಯೊಗಳಷ್ಟು ಅದು ಹಿಡಿದಿಡುವುದಿಲ್ಲ ಎಂದೂ ಅದರಲ್ಲೇ ಇದೆ. ನೀವು ಮಾಡುತ್ತಿರುವುದು ಅದನ್ನೇ. ಹಾಗಾಗಿ ಗಡಿಯಾರದ ಮೇಲೆ ಕಣ್ಣಿಡಬೇಡಿ. ಸೂತ್ರವೊಂದನ್ನು ಸಾಧಿಸುವ ಎಂಟೂವರೆ ನಿಮಿಷವನ್ನು ಆರಕ್ಕೆ ತಂದು ಉಳಿದದ್ದನ್ನು "ಭಾಗ 2" ಮಾಡಿದರೆ ಎರಡೂ ಕೆಡುತ್ತವೆ. ಹನ್ನೆರಡು ನಿಮಿಷ ದಾಟಿದರೆ ಮಾತ್ರ ಅಲ್ಲಿ ಎರಡು ಪ್ರಶ್ನೆ ಅಡಗಿರಬಹುದೇ ಎಂದು ನೋಡಿ, ಸಾಮಾನ್ಯವಾಗಿ ಇರುತ್ತವೆ.

ಮೇಲಿನ ಪಟ್ಟಿಯ ಹೊತ್ತುಗಳಲ್ಲೇ ನೇರವಾಗಿ ಕತ್ತರಿಸಿದರೆ ಕನಿಷ್ಠ ಮೂರು ಕಡೆ ಎಡವುತ್ತೀರಿ. ಒಂದೊಂದಾಗಿ ನೋಡೋಣ.

ಮೊದಲನೆಯದು, ಪ್ರಶ್ನೆ ಒಂದು ಕಡೆ, ಉತ್ತರ ಇನ್ನೊಂದು ಕಡೆ. ಎತ್ತರದ ಸೂತ್ರ ಮುಗಿಸಿ, 24:40ಕ್ಕೆ ಮೇಷ್ಟ್ರು "ಸರಿ, ಹಾಗಾದರೆ ಈ ಚೆಂಡು ಎಷ್ಟು ದೂರ ಹೋಗಿ ಬೀಳುತ್ತೆ?" ಎಂದು ಕೇಳುತ್ತಾರೆ. ಅಷ್ಟರಲ್ಲಿ ಮೈಕ್ ಕೈಕೊಡುತ್ತದೆ. ಸರಿಹೋದ ಮೇಲೆ 27:10ಕ್ಕೆ "ಹಾಂ, ಹಾಗಾಗಿ ಅಡ್ಡ ದಿಕ್ಕಿನಲ್ಲಿ ವೇಗ ಬದಲಾಗಲ್ಲ ಅಲ್ವಾ…" ಎಂದು ಮುಂದುವರಿಯುತ್ತಾರೆ. 27:10ರಿಂದ ಕತ್ತರಿಸಿದರೆ ತುಣುಕು "ಹಾಗಾಗಿ" ಎಂಬ ಮಾತಿನಿಂದ ಶುರುವಾಗುತ್ತದೆ. ನಿಮ್ಮ ಮಕ್ಕಳು ದೂರಿದ್ದು ಇದನ್ನೇ. ಆ ಹತ್ತು ಸೆಕೆಂಡಿನ ಪ್ರಶ್ನೆಯನ್ನು ಹಿಂದಿನ ತುಣುಕಿನ ಬಾಲದಿಂದ ಬಿಡಿಸಿ ಈ ತುಣುಕಿನ ತಲೆಗೆ ಜೋಡಿಸಬೇಕು. ಹೀಗೆ ಎರಡು ಚೂರು ಕೂಡಿಸುವ ಕೆಲಸಕ್ಕೆ ಆದೇಶಗಳಿಗಿಂತ ಟೈಮ್‌ಲೈನ್ ಇರುವ ಯಾವುದಾದರೂ ಎಡಿಟರ್ ವಾಸಿ. ನಡುವೆ ಮೇಷ್ಟ್ರು ನಿಂತ ಜಾಗ ಥಟ್ಟನೆ ಬದಲಾದರೂ ಚಿಂತೆಯಿಲ್ಲ, ಪರೀಕ್ಷೆಗೆ ಓದುವವರು ಅದನ್ನು ಲೆಕ್ಕಿಸುವುದಿಲ್ಲ. ಸಾಮಾನ್ಯ ನಿಯಮವಾಗಿ, ಹೊಸ ವಿಷಯದ ಮೊದಲ ವಾಕ್ಯ ಕಂಡ ಕೂಡಲೇ ಅದರ ಹಿಂದಿನ ಅರ್ಧ ನಿಮಿಷ ಕೇಳಿ ನೋಡಿ. ಪ್ರಶ್ನೆ ಹೆಚ್ಚಾಗಿ ಅಲ್ಲೇ ಇರುತ್ತದೆ.

ಎರಡನೆಯದು ಬೋರ್ಡ್. ದೂರದ ಸೂತ್ರ ಸಾಧಿಸುವಾಗ ಮೇಷ್ಟ್ರು ಎಡ ಮೂಲೆಗೆ ಬೆರಳು ತೋರಿಸಿ "ಈ T ತಂದು ಇಲ್ಲಿ ಹಾಕೋಣ" ಅನ್ನುತ್ತಾರೆ. ಆ T ಬರೆದದ್ದು ಹದಿನೈದು ನಿಮಿಷದ ಹಿಂದೆ. ಪೂರ್ತಿ ಪಾಠ ಕೇಳಿದವರಿಗೆ ನೆನಪಿದೆ, ತುಣುಕು ತೆರೆದವರಿಗೆ ಅದು ಯಾವ T ಎಂದೇ ಗೊತ್ತಿಲ್ಲ. ಕ್ಯಾಮೆರಾ ಬಲಕ್ಕೆ ತಿರುಗಿದ್ದರೆ ಎಡ ಮೂಲೆ ಚಿತ್ರದಲ್ಲೂ ಇರುವುದಿಲ್ಲ. ಇಂಥವನ್ನು ಹಿಡಿಯಲು ಒಂದು ಸರಳ ಪರೀಕ್ಷೆ ಇದೆ: ತುಣುಕನ್ನು ಕಣ್ಣು ಮುಚ್ಚಿ ಕೇಳಿ. "ಇದು, ಅದು, ಆಗ ಹೇಳಿದ್ದು, ಮೇಲಿನದು" ಎಂಬ ಮಾತು ಬಂದಾಗಲೆಲ್ಲ ಅದು ಏನನ್ನು ಸೂಚಿಸುತ್ತದೆ ಎಂದು ಬರೆದುಕೊಳ್ಳಿ. ಆಮೇಲೆ ಕಣ್ಣು ತೆರೆದು, ಆ ವಸ್ತು ಆ ಹೊತ್ತಿಗೆ ಪರದೆಯ ಮೇಲೆ ಓದುವಂತಿದೆಯೇ ನೋಡಿ. ಇಲ್ಲದಿದ್ದರೆ ತುಣುಕಿನ ಮೊದಲ ಹತ್ತು ಹನ್ನೆರಡು ಸೆಕೆಂಡು ಮೂಲೆಯಲ್ಲಿ ಒಂದು ಚಿಕ್ಕ ಚೀಟಿ ಕಾಣಿಸಿ: "ಮೊದಲೇ ಗೊತ್ತಿರಬೇಕಾದದ್ದು: T = 2u sinθ / g (ತುಣುಕು 2)". ಅದನ್ನು ಸಾಧಿಸಿ ತೋರಿಸುವ ಹಳೆಯ ಭಾಗವನ್ನು ಮತ್ತೆ ತುರುಕಬೇಡಿ, ಅದು ಬೇಕಾದವರು ತುಣುಕು 2 ನೋಡುತ್ತಾರೆ.

ಮೂರನೆಯದು ಎಲ್ಲಕ್ಕಿಂತ ಅಪಾಯಕಾರಿ, ಪಾಠವನ್ನು ಪೂರ್ತಿ ಕೇಳಿ ಎಂದು ಒತ್ತಿ ಹೇಳಿದ್ದೂ ಇದಕ್ಕೇ. ಮೇಷ್ಟ್ರುಗಳು ಬೋರ್ಡ್ ಮೇಲೆ ತಪ್ಪು ಬರೆಯುತ್ತಾರೆ, ತುಂಬಾ ಹೊತ್ತಿನ ಮೇಲೆ ತಿದ್ದುತ್ತಾರೆ. ಈ ಪಾಠದಲ್ಲಿ 22:40ಕ್ಕೆ ಗರಿಷ್ಠ ಎತ್ತರದ ಸೂತ್ರ ಬರೆಯುವಾಗ ಕೆಳಗಿನ 2 ಬಿಟ್ಟುಹೋಗಿ H = u² sin²θ / g ಆಯಿತು ಎನ್ನಿ. 45:50ಕ್ಕೆ ಶುರುವಾದ ಲೆಕ್ಕದಲ್ಲಿ u = 20 ಮೀ/ಸೆ, θ = 30°, g = 10 ಮೀ/ಸೆ². ತಪ್ಪು ಸೂತ್ರದಿಂದ 10 ಮೀಟರ್ ಬಂತು. ಆದರೆ ಲಂಬ ವೇಗ 20 sin 30°, ಅಂದರೆ 10 ಮೀ/ಸೆ. ಚೆಂಡು ಮೇಲೇರುವುದು ಒಂದೇ ಸೆಕೆಂಡು, ಆ ಸೆಕೆಂಡಿನ ಸರಾಸರಿ ವೇಗ 5 ಮೀ/ಸೆ, ಹಾಗಾದರೆ ಎತ್ತರ 5 ಮೀಟರ್ ಇರಬೇಕು. 52:35ಕ್ಕೆ ಒಬ್ಬ ಹುಡುಗಿ ಇದನ್ನು ಕೇಳಿದಳು, ಮೇಷ್ಟ್ರು "ಓ, 2g ಆಗಬೇಕು, ತಿದ್ದಿಕೊಳ್ಳಿ" ಎಂದರು. ತರಗತಿಯಲ್ಲಿ ಕೂತವರು ತಿದ್ದಿಕೊಂಡರು. ಎತ್ತರದ ತುಣುಕಿನಲ್ಲಿ ಮಾತ್ರ ತಪ್ಪು ಸೂತ್ರ ಹಾಗೇ ಉಳಿದುಕೊಂಡಿತು, ಅದೂ ಪರೀಕ್ಷೆಯ ಹಿಂದಿನ ರಾತ್ರಿ ನೋಡುವವರಿಗೆ.

ಇಲ್ಲಿ ಎರಡು ಕಡೆ ಕೈ ಹಾಕಬೇಕು. ಲೆಕ್ಕ 2ರ ತುಣುಕು ಉತ್ತರ 10 ಮೀಟರ್ ಎಂದಲ್ಲಿಗೆ ನಿಲ್ಲದೆ 53:20ರವರೆಗೆ, ತಿದ್ದುಪಡಿಯೂ ಸೇರಿ ಹೋಗಬೇಕು. ಎತ್ತರದ ತುಣುಕಿನಲ್ಲಿ ತಪ್ಪು ಸೂತ್ರ ಕಾಣಿಸಿಕೊಂಡ ಗಳಿಗೆಯಿಂದ ಕೊನೆಯವರೆಗೂ ತಿದ್ದಿದ ಸೂತ್ರದ ಚೀಟಿ ಮೂಲೆಯಲ್ಲಿರಬೇಕು. ವಿವರಣೆಯಲ್ಲಿ "22:40ರಲ್ಲಿ ತಪ್ಪಿದೆ" ಎಂದು ಬರೆದರೆ ಸಾಲದು, ವಿವರಣೆ ಓದುವವರು ಕಡಿಮೆ. ಕೇಳುವಾಗ "ಆಗ ತಪ್ಪು ಬರೆದೆ", "ತಿದ್ದಿಕೊಳ್ಳಿ", "ಅಲ್ಲಲ್ಲ" ಎಂಬ ಮಾತು ಬಂದ ಕಡೆಯೆಲ್ಲ ಹಾಳೆಯಲ್ಲಿ ಕೆಂಪು ಗುರುತು ಹಾಕಿ.

ಈಗ ಕತ್ತರಿಸುವ ಕೆಲಸ. ನಿಮ್ಮ ಮಕ್ಕಳ ಮೊಬೈಲಿನಲ್ಲಿ ಚಿತ್ರ ನಿಲ್ಲುವುದಕ್ಕೆ ಕಾರಣ ಕೀಫ್ರೇಮ್. ವಿಡಿಯೊದಲ್ಲಿ ಪ್ರತಿ ಚಿತ್ರವೂ ಪೂರ್ತಿಯಾಗಿ ಇರುವುದಿಲ್ಲ. ಅಪರೂಪಕ್ಕೊಂದು ಪೂರ್ಣ ಚಿತ್ರ, ಅದೇ ಕೀಫ್ರೇಮ್. ನಡುವಿನವುಗಳಲ್ಲಿ ಹಿಂದಿನದಕ್ಕಿಂತ ಏನು ಬದಲಾಯಿತು ಎಂಬುದಷ್ಟೇ ಇರುತ್ತದೆ. `libx264` ಎಂಬ ವಿಡಿಯೊ ಎನ್‌ಕೋಡರನ್ನು ಅದರ ಪಾಡಿಗೆ ಬಿಟ್ಟರೆ ಎರಡು ಕೀಫ್ರೇಮ್‌ಗಳ ನಡುವೆ 250 ಫ್ರೇಮ್‌ವರೆಗೆ ಅಂತರ ಬಿಡುತ್ತದೆ, ಅಂದರೆ ಸೆಕೆಂಡಿಗೆ 25 ಫ್ರೇಮ್‌ನ ವಿಡಿಯೊದಲ್ಲಿ ಹತ್ತು ಸೆಕೆಂಡು. ದೃಶ್ಯ ಬದಲಾದರೆ ನಡುವೆಯೂ ಒಂದು ಹಾಕುತ್ತದೆ, ಆದರೆ ಬೋರ್ಡ್ ಮುಂದೆ ಮಾತಾಡುವ ಪಾಠದಲ್ಲಿ ದೃಶ್ಯ ಎಲ್ಲಿ ಬದಲಾಗುತ್ತದೆ? ಮರು ಎನ್‌ಕೋಡ್ ಇಲ್ಲದೆ, ಅಂದರೆ ಆದೇಶ ಬರೆದು ನಡೆಸುವ `ffmpeg` ಎಂಬ ತಂತ್ರಾಂಶದಲ್ಲಿ `-c copy` ಬಳಸಿ ಅಥವಾ ಆ ಬಗೆಯ ತಂತ್ರಾಂಶದಲ್ಲಿ ಕತ್ತರಿಸಿದಾಗ, ನೀವು ಹೇಳಿದ ಜಾಗದ ಹಿಂದಿನ ಕೀಫ್ರೇಮ್‌ನಿಂದಲೇ ಚಿತ್ರ ಎತ್ತಿಕೊಳ್ಳಬೇಕಾಗುತ್ತದೆ. ಆ ಹೆಚ್ಚಿನ ಭಾಗವನ್ನು ತೋರಿಸಬೇಡ ಎಂಬ ಸೂಚನೆ ಕಡತದಲ್ಲಿರುತ್ತದೆ. ಕೆಲವು ಪ್ಲೇಯರ್ ಅದನ್ನು ಪಾಲಿಸುತ್ತವೆ, ಕೆಲವು ಪಾಲಿಸುವುದಿಲ್ಲ. ಆದ್ದರಿಂದಲೇ ನಿಮ್ಮ ಕಂಪ್ಯೂಟರಿನಲ್ಲಿ ಸರಿಯಾಗಿ ಕಂಡದ್ದು ಅವರ ಮೊಬೈಲಿನಲ್ಲಿ ಕೆಟ್ಟಿತು.

ಪರಿಹಾರ ಮರು ಎನ್‌ಕೋಡ್ ಮಾಡುವುದು, ಆಗ ತುಣುಕು ತನ್ನದೇ ಕೀಫ್ರೇಮ್‌ನಿಂದ ಶುರುವಾಗುತ್ತದೆ. ಎತ್ತರದ ತುಣುಕಿಗೆ ಆದೇಶ ಹೀಗೆ:

```
ffmpeg -ss 00:18:19.6 -to 00:24:39.2 -i lecture.mp4 \
  -vf fps=25,format=yuv420p -c:v libx264 -crf 22 \
  -af loudnorm=I=-16:TP=-1.5 -ar 48000 \
  -c:a aac -b:a 128k -movflags +faststart 03-height.mp4
```

`-ss` ಮತ್ತು `-to` ಎರಡೂ `-i`ಗಿಂತ ಮುಂಚೆ ಇರಲಿ. `-to` ಮಾತ್ರ ಆಚೆ ಹೋದರೆ ಅದನ್ನು ತುಣುಕಿನ ಸಮಯ ಎಂದು ಲೆಕ್ಕ ಹಾಕಿ, ಆರು ನಿಮಿಷದ ಬದಲು 24 ನಿಮಿಷ 39 ಸೆಕೆಂಡಿನ ತುಣುಕು ಕೊಡುತ್ತದೆ. `fps=25` ಇರುವುದು ಇನ್ನೊಂದು ಕಾರಣಕ್ಕೆ. ಪರದೆ ಅಥವಾ ಆನ್‌ಲೈನ್ ತರಗತಿಯ ರೆಕಾರ್ಡಿಂಗ್‌ಗಳಲ್ಲಿ ಸೆಕೆಂಡಿಗೆ ಇಷ್ಟೇ ಫ್ರೇಮ್ ಎಂಬುದು ಸ್ಥಿರವಾಗಿರುವುದಿಲ್ಲ, ಅಂಥದ್ದನ್ನು ಕೆಲವು ಎಡಿಟರ್‌ಗಳಿಗೆ ಹಾಕಿದರೆ ಪಾಠ ಮುಂದೆ ಹೋದ ಹಾಗೆ ತುಟಿಗೂ ಮಾತಿಗೂ ತಾಳ ತಪ್ಪುತ್ತದೆ. ಮಾತಿನ ಏರಿಳಿತವನ್ನು `loudnorm` ಒಂದು ಮಟ್ಟಕ್ಕೆ ತರುತ್ತದೆ. ಅದು ಧ್ವನಿಯ ಮಾದರಿ ದರವನ್ನು ತನ್ನಷ್ಟಕ್ಕೆ ಏರಿಸಿಕೊಳ್ಳುವುದರಿಂದ ಪಕ್ಕದಲ್ಲಿ `-ar 48000` ಬೇಕು. ಕೊನೆಯ `+faststart` ಇಲ್ಲದಿದ್ದರೆ, ನಿಮ್ಮದೇ ಜಾಲತಾಣದಲ್ಲಿಟ್ಟ ತುಣುಕು ಕೆಲವು ಕಡೆ ಪೂರ್ತಿ ಇಳಿಯುವವರೆಗೆ ಶುರುವಾಗದೆ ಕೂರಬಹುದು.

ತಿದ್ದುಪಡಿಯ ಚೀಟಿ ಹಾಕಬೇಕಾದರೆ ಅದನ್ನು ಮೊದಲು ಚಿತ್ರವಾಗಿ, `fix.png` ಎಂದು ಮಾಡಿಟ್ಟುಕೊಳ್ಳಿ. `ffmpeg`ನ `drawtext`ನಲ್ಲಿ ನೇರವಾಗಿ ಕನ್ನಡ ಬರೆಯಲು ಹೋಗಬೇಡಿ. ಹಳೆಯ ಆವೃತ್ತಿಗಳಲ್ಲಿ ಒತ್ತಕ್ಷರ ಜಾಗ ಬಿಟ್ಟು, ಗುಣಿತ ಪಕ್ಕಕ್ಕೆ ಸರಿದು ಓದಲಾಗದ ಹಾಗೆ ಬರುತ್ತದೆ. ಮೇಲಿನ ಆದೇಶದಲ್ಲಿ `-i lecture.mp4` ಆದ ಮೇಲೆ ಚಿತ್ರವನ್ನು ಸೇರಿಸಿ, `-vf` ಇರುವಲ್ಲಿ ಅದನ್ನು ತೆಗೆದು ಇದನ್ನು ಹಾಕಿ:

```
-i fix.png -filter_complex \
"[0:v][1:v]overlay=W-w-20:20:enable='gte(t,260)',fps=25,format=yuv420p"
```

260 ಎಲ್ಲಿಂದ ಬಂತು? ತಪ್ಪು ಬರೆದದ್ದು ಪಾಠದ 22:40ಕ್ಕೆ, ತುಣುಕು ಶುರುವಾದದ್ದು 18:19.6ಕ್ಕೆ. ಕಳೆದರೆ 4 ನಿಮಿಷ 20 ಸೆಕೆಂಡು ಚಿಲ್ಲರೆ, ಅಂದರೆ 260 ಸೆಕೆಂಡು. ಇಲ್ಲಿ ಪಾಠದ ಸಮಯವನ್ನೇ ಹಾಕಿ ಚೀಟಿ ಕಾಣಲಿಲ್ಲ ಎಂದು ತಲೆ ಕೆರೆದುಕೊಳ್ಳುವವರು ಬಹಳ ಮಂದಿ. ಚೀಟಿಯ ಅಗಲ ವಿಡಿಯೊದ ಅಗಲದ ಮೂರನೇ ಒಂದು ಭಾಗದಷ್ಟಿದ್ದರೆ ಮೊಬೈಲಿನಲ್ಲಿ ಓದಬಹುದು. ತಪ್ಪು ಸೂತ್ರವನ್ನೇ ಮುಚ್ಚುವಂತೆ ಇಡುವುದಾದರೆ ಇನ್ನೂ ಒಳ್ಳೆಯದು. ಆಗ `W-w-20:20` ಬದಲು ಆ ಜಾಗದ ಅಳತೆ ಕೊಡಿ.

ಕತ್ತರಿಯ ಅಂಚು ಮಾತಿನ ನಡುವೆ ಬೀಳಬಾರದು. ಮೊದಲ ಪದಕ್ಕೆ ಮೂರ್ನಾಲ್ಕು ದಶಾಂಶ ಸೆಕೆಂಡು ಮುಂಚೆ ಶುರು ಮಾಡಿ, ಪದದ ಮೊದಲ ವ್ಯಂಜನ ಸದ್ದಿಲ್ಲದೆ ಆರಂಭವಾಗುವುದರಿಂದ ಅಷ್ಟು ಬಿಡದಿದ್ದರೆ "ಕಾಲ" ಎಂಬುದು "ಆಲ" ಎಂದು ಕೇಳಿಸುತ್ತದೆ. ಕೊನೆಯಲ್ಲಿ ಸಾಧ್ಯವಾದರೆ ಒಂದು ಸೆಕೆಂಡು ಬಿಡಿ, ಉತ್ತರ ಬೋರ್ಡ್ ಮೇಲೆ ಕಾಣುತ್ತಿರುವಾಗಲೇ ನಿಲ್ಲಿಸಿ ಬರೆದುಕೊಳ್ಳುವವರಿಗೆ ಅದು ಬೇಕು. ಮೌನಗಳನ್ನು ಕಿವಿಯಿಂದ ಹುಡುಕುವ ಬದಲು ಪಟ್ಟಿ ಮಾಡಿಸಿಕೊಳ್ಳಬಹುದು:

```
ffmpeg -i lecture.mp4 -vn -af silencedetect=noise=-35dB:d=0.7 -f null -
```

ಇದು 0.7 ಸೆಕೆಂಡಿಗಿಂತ ಉದ್ದದ ಪ್ರತಿ ಮೌನವೂ ಎಲ್ಲಿ ಶುರು, ಎಲ್ಲಿ ಕೊನೆ ಎಂದು ಸೆಕೆಂಡಿನಲ್ಲಿ ತೋರಿಸುತ್ತದೆ. ನಿಮ್ಮ ಪಟ್ಟಿಯ ಸಮಯಕ್ಕೆ ಹತ್ತಿರದ `silence_end` ತೆಗೆದುಕೊಂಡು 0.4 ಕಳೆಯಿರಿ. ಫ್ಯಾನ್ ಸದ್ದಿನ ಕೋಣೆಯಾದರೆ ಒಂದೂ ಮೌನ ಸಿಗದು. ಆಗ -35 ಅನ್ನು -30, -28 ಎಂದು ಏರಿಸುತ್ತಾ ನೋಡಿ. ಆದರೆ ಈ ಪಟ್ಟಿ ಅಂಚನ್ನು ಸರಿಮಾಡಿಕೊಳ್ಳಲು ಮಾತ್ರ. ಮೌನ ಇದ್ದಲ್ಲೆಲ್ಲ ವಿಷಯ ಮುಗಿಯಿತು ಎಂದು ನಂಬಿದರೆ, ಮೇಷ್ಟ್ರು ಬೋರ್ಡ್ ಒರೆಸುವಾಗಲೆಲ್ಲ ಒಂದು ತುಣುಕು ಹುಟ್ಟುತ್ತದೆ.

ತರಗತಿಯ ಮಕ್ಕಳ ಮುಖ, ಹೆಸರು ಬರುವ ಕಡೆ ಅವರನ್ನು ಕೇಳದೆ ಹಾಕಬೇಡಿ. ಹುಡುಗಿ ಕೇಳಿದ ಪ್ರಶ್ನೆ ಬೇಕೇ ಬೇಕಾದರೆ ಅವಳ ಧ್ವನಿ ಅಡಗಿಸಿ, ಪ್ರಶ್ನೆಯನ್ನು ಚೀಟಿಯಲ್ಲಿ ಬರೆದರೆ ಸಾಕು.

ಹೆಸರಿಡುವಾಗ ವಿಷಯ ಮೊದಲು ಬರಲಿ. "ಭೌತಶಾಸ್ತ್ರ ಅಧ್ಯಾಯ 4 ಎಸೆದ ವಸ್ತುವಿನ ಚಲನೆ ಭಾಗ 3" ಎಂದರೆ ಮೊಬೈಲಿನಲ್ಲಿ ಒಂಬತ್ತೂ ತುಣುಕು ಒಂದೇ ಹೆಸರಿನಂತೆ ಕಾಣುತ್ತವೆ, ಬೇರೆಯಾಗುವ ಭಾಗ ಪರದೆಯ ಆಚೆ ಕತ್ತರಿಸಿ ಹೋಗಿರುತ್ತದೆ. "3. ಎಷ್ಟು ಎತ್ತರಕ್ಕೆ ಹೋಗುತ್ತದೆ?" ಎಂದಿಟ್ಟು ಅಧ್ಯಾಯವನ್ನು ಕೊನೆಗೆ ಹಾಕಿ. ಜೊತೆಗೊಂದು ಪುಟದ ಸೂಚಿ ಕೊಡಿ: ಪ್ರಶ್ನೆ, ಎಷ್ಟು ನಿಮಿಷ, ಮೊದಲು ಯಾವ ತುಣುಕು ನೋಡಿರಬೇಕು, ಮೂಲ ಪಾಠದಲ್ಲಿ ಎಷ್ಟನೇ ನಿಮಿಷ. ಕೊನೆಯ ಕಾಲಮ್ ಬಿಡಬೇಡಿ. ತುಣುಕಿನಲ್ಲಿ ಸಿಕ್ಕದ ಹಿನ್ನೆಲೆಯನ್ನು ಹುಡುಕಿ ಹೋಗಲು ಅದೊಂದೇ ದಾರಿ.

ಒಂದು ಗಂಟೆಯ ಪಾಠಕ್ಕೆ ಈ ಕೆಲಸವೆಲ್ಲ ಸೇರಿ ಮೂರು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಅಷ್ಟು ಸಮಯ ಇಲ್ಲದಿದ್ದರೆ ಕತ್ತರಿಸುವುದನ್ನೇ ಬಿಟ್ಟು, ಪೂರ್ತಿ ಪಾಠವನ್ನು ಯೂಟ್ಯೂಬ್‌ಗೆ ಹಾಕಿ ಅದೇ ಪಟ್ಟಿಯನ್ನು ವಿವರಣೆಯಲ್ಲಿ ಅಂಟಿಸಿ. ಮೊದಲ ಸಾಲು `0:00` ಆಗಿರಬೇಕು, ಕನಿಷ್ಠ ಮೂರು ಸಾಲು ಇರಬೇಕು, ಒಂದೊಂದು ಭಾಗವೂ ಹತ್ತು ಸೆಕೆಂಡಿಗೆ ಕಡಿಮೆ ಇರಬಾರದು. ಹೀಗಿದ್ದರೆ ಅವು ಅಧ್ಯಾಯಗಳಾಗಿ ಕಾಣುತ್ತವೆ. ಅವಸರದ ಹತ್ತು ನಿಮಿಷದ ತುಂಡುಗಳಿಗಿಂತ ಇದು ಮೇಲು, ಏಕೆಂದರೆ ಹಿಂದಿನ ಅರ್ಧ ನಿಮಿಷಕ್ಕೆ ಬೆರಳಲ್ಲೇ ಸರಿಯಬಹುದು. ಆದರೆ 22:40ರ ತಪ್ಪು ಅಲ್ಲೂ ಹಾಗೇ ಇರುತ್ತದೆ. ಹಾಗಾಗಿ ಅಪ್‌ಲೋಡ್ ಮಾಡುವುದಕ್ಕೆ ಮುಂಚೆ ಆ ಒಂದು ಚೀಟಿಯನ್ನು ಪೂರ್ತಿ ಪಾಠಕ್ಕೂ ಅಂಟಿಸಿ. ಆಗ ಸಮಯ 260 ಅಲ್ಲ, 1360.